ವಿಷಯ: ಹಸ್ತಪ್ರತಿ ಸಂಖ್ಯೆ 2025-047, ಲೇಖನ ವಾಪಸ್ ಪಡೆಯುವ ಬಗ್ಗೆ

ಮೈಸೂರು
14 ಜುಲೈ 2025

ಸಂಪಾದಕರಿಗೆ ನಮಸ್ಕಾರ.

ಮೇಲಿನ ಸಂಖ್ಯೆಯ ನಮ್ಮ ಲೇಖನವನ್ನು ನಿಮ್ಮ ಪತ್ರಿಕೆಯಿಂದ ವಾಪಸ್ ಪಡೆಯುತ್ತಿದ್ದೇವೆ. ಮೂವರು ಲೇಖಕರೂ ಕೂತು ಮಾತಾಡಿ ಒಪ್ಪಿದ್ದೇವೆ. ಮೂವರ ಸಹಿ ಇರುವ ಒಪ್ಪಿಗೆ ಪತ್ರವನ್ನು ಇದರ ಜೊತೆ ಲಗತ್ತಿಸಿದ್ದೇನೆ. ಲೇಖನದ ಶೀರ್ಷಿಕೆಯಲ್ಲೇ ಊರಿನ ಹೆಸರಿದೆ. ಅದಕ್ಕೇ ಇಲ್ಲಿ ಶೀರ್ಷಿಕೆ ಬಿಟ್ಟು ಸಂಖ್ಯೆ ಮಾತ್ರ ಹಾಕಿದ್ದೇನೆ. ಕಾರಣವೂ ಅದೇ ಹೆಸರಿಗೆ ಸಂಬಂಧಿಸಿದ್ದು.

ನಿಮಗೆ ನೆನಪಿರಬಹುದು, ಲೇಖನ ಮಲೆನಾಡಿನ ಒಂದು ಊರಿನ ಲಿಂಗಮುದ್ರೆ ಕಲ್ಲುಗಳ ಬಗ್ಗೆ. ಶಿವಾಲಯಕ್ಕೆ ದತ್ತಿ ಬಿಟ್ಟ ಭೂಮಿಯ ಎಲ್ಲೆಗೆ ನೆಟ್ಟ ಕಲ್ಲುಗಳು ಅವು. ದಾನಶಾಸನ ಊರಿನ ಗುಡಿಯ ಮುಂದೆಯೇ ಇದೆ. ಮೂಡಲಿಗೆ ಏನು, ತೆಂಕಲಿಗೆ ಏನು ಎಂದು ನಾಲ್ಕೂ ದಿಕ್ಕಿನ ಎಲ್ಲೆಯನ್ನು ಅದು ಹೇಳುತ್ತದೆ. ಅದರ ಪಾಠ ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಅಚ್ಚಾಗಿ ನೂರು ವರ್ಷದ ಮೇಲಾಯಿತು. ಆದರೆ ಎಲ್ಲೆಗಲ್ಲುಗಳು ಅಲ್ಲಿ ಬಂದಿಲ್ಲ. ಬರುವ ಹಾಗೂ ಇರಲಿಲ್ಲ, ಈ ಕಲ್ಲುಗಳಲ್ಲಿ ಅಕ್ಷರವೇ ಇಲ್ಲವಲ್ಲ. ಒಂದು ಲಿಂಗ, ಮೇಲೆ ಸೂರ್ಯ ಚಂದ್ರ, ಅಷ್ಟೇ. ಗದ್ದೆ ಬದುವಿನಲ್ಲಿ, ಬಿದಿರು ಮೆಳೆಯಲ್ಲಿ, ಕೆರೆ ಕೋಡಿಯ ಹತ್ತಿರ ಇವನ್ನು ಹುಡುಕಿ, ಶಾಸನ ಹೇಳುವ ಎಲ್ಲೆಗೂ ಇವು ನಿಂತ ಜಾಗಕ್ಕೂ ತಾಳೆ ಹಾಕಿದ್ದೇ ನಮ್ಮ ಕೆಲಸ.

ಕಳೆದ ತಿಂಗಳು ಅದರಲ್ಲಿ ಒಂದು ಕಲ್ಲನ್ನು ನಿಧಿ ಕಳ್ಳರು ಒಡೆದರು.

ನಮ್ಮ ಮೂರನೇ ಲೇಖಕರು ಅದೇ ಊರಿನ ಶಾಲೆಯ ಮೇಷ್ಟ್ರು. ಬೆಳಿಗ್ಗೆ ಫೋನ್ ಮಾಡಿ ಕರೆದರು, ನಾನು ಹೋಗಿ ನೋಡಿದೆ. ಕಲ್ಲಿನ ಬುಡಕ್ಕೆ ಸೊಂಟದಷ್ಟು ಆಳ ಅಗೆದಿದ್ದಾರೆ. ಅಂಚಿನಲ್ಲಿ ಕೊಯ್ದ ನಿಂಬೆಹಣ್ಣು, ಕುಂಕುಮ, ಮಳೆಗೆ ತೊಯ್ದು ಮಣ್ಣಿಗೆ ಅಂಟಿದ ಕೋಳಿ ಪುಕ್ಕ. ಕಲ್ಲು ಅಡ್ಡ ಬಿದ್ದಿದೆ. ಲಿಂಗದ ಜಾಗಕ್ಕೆ ಸರಿಯಾಗಿ ಉಳಿ ಇಟ್ಟು ಸೀಳಿದ್ದಾರೆ, ಒಳಗೆ ಏನೋ ಇದೆ ಎಂದುಕೊಂಡ ಹಾಗೆ. ಸೂರ್ಯ ಒಂದು ತುಂಡಿನಲ್ಲಿ, ಚಂದ್ರ ಇನ್ನೊಂದರಲ್ಲಿ. ಆಚಂದ್ರಾರ್ಕ, ಅಂದರೆ ಸೂರ್ಯ ಚಂದ್ರ ಇರುವವರೆಗೂ ದಾನ ನಡೆಯಲಿ ಎಂದು ಕೆತ್ತಿದ್ದು ಅವು.

ಇದಕ್ಕೂ ನಮ್ಮ ಲೇಖನಕ್ಕೂ ಸಂಬಂಧವಿಲ್ಲ. ಲೇಖನ ಇನ್ನೂ ಹೊರಗೆ ಬಂದಿಲ್ಲ, ನಿಮ್ಮ ಕಡೆಯಿಂದ ಏನೂ ಸೋರಿಲ್ಲ. ಯಾರೋ ತೆಗೆದ ಒಂದು ಫೋಟೊ ವಾಟ್ಸಾಪಿನಲ್ಲಿ ಸುತ್ತಿ, ಎಲ್ಲೋ "ನಿಧಿಗಲ್ಲು" ಎಂದು ಹೆಸರು ಪಡೆದಿದೆ ಎಂದು ಊರಿನವರು ಹೇಳುತ್ತಾರೆ. ಸೂರ್ಯ ಚಂದ್ರ ಕಂಡರೆ ಕೆಳಗೆ ಹೊನ್ನಿದೆ ಎಂಬ ನಂಬಿಕೆ ನಮ್ಮ ಕಡೆ ಹಳೆಯದು. ವೀರಗಲ್ಲು, ಮಾಸ್ತಿಗಲ್ಲು ಯಾವುದನ್ನೂ ಅದು ಬಿಟ್ಟಿಲ್ಲ. ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪ ಎಷ್ಟೋ ದಾನಶಾಸನಗಳ ಕೊನೆಯಲ್ಲಿದೆ. ಅದನ್ನು ಓದಬಲ್ಲವರು ಅಗೆಯಲು ಬರುವುದಿಲ್ಲ, ಅಗೆಯುವವರಿಗೆ ಓದಲು ಬರುವುದಿಲ್ಲ.

ಫೋಟೊ ಒಂದರಿಂದಲೇ ಇಷ್ಟಾಯಿತು. ನಮ್ಮ ಲೇಖನದಲ್ಲಿ ಪ್ರತಿ ಕಲ್ಲಿಗೂ ಫೋಟೊ ಇದೆ, ಅಕ್ಷಾಂಶ ರೇಖಾಂಶ ಇದೆ, ಜೊತೆಗೆ ನಕ್ಷೆ. ಮೊಬೈಲಿನಲ್ಲಿ ಹಾಕಿಕೊಂಡರೆ ಕತ್ತಲಲ್ಲೂ ನೇರ ಕಲ್ಲಿನ ಮುಂದೆ ಹೋಗಿ ನಿಲ್ಲಬಹುದು. ಊರಿನ ಹಿರಿಯರು ಇದನ್ನೇ ಕೇಳಿದರು: "ನೀವು ಓದೋರಿಗೆ ಅಂತ ಬರೀತೀರಿ, ಸರಿ. ಕಳ್ಳರು ಓದಲ್ಲ ಅಂತ ಯಾರು ಹೇಳಿದ್ರು?" ಗದ್ದೆಯೊಳಗೆ ಓಡಾಡಲು, ಫೋಟೊ ತೆಗೆಯಲು, ಪ್ರಕಟಿಸಲು ಒಪ್ಪಿಗೆ ಕೊಟ್ಟವರೇ ಅವರು. ಈಗ ಪ್ರಕಟಣೆಗೆ ಕೊಟ್ಟ ಒಪ್ಪಿಗೆಯನ್ನು ವಾಪಸ್ ತೆಗೆದುಕೊಂಡಿದ್ದಾರೆ. ಅದನ್ನು ಮೀರಿ ಅಚ್ಚು ಹಾಕಿಸುವುದು ನಮಗೆ ಸರಿ ಕಾಣಲಿಲ್ಲ.

ನಕ್ಷೆ ತೆಗೆದು, ಊರಿನ ಹೆಸರು ಮರೆಸಿ ಪ್ರಕಟಿಸಬಹುದಲ್ವಾ ಎಂದು ನೀವು ಕೇಳಬಹುದು. ನಾವೂ ಹಾಗೇ ಮಾಡಿ ನೋಡಿದೆವು. ಆಗಲಿಲ್ಲ. ದಾನಶಾಸನವನ್ನು ಉಲ್ಲೇಖಿಸದೆ ವಾದ ನಿಲ್ಲುವುದಿಲ್ಲ, ಸಂಪುಟ ಮತ್ತು ಶಾಸನದ ಸಂಖ್ಯೆ ಹಾಕಿದರೆ ಊರು ಸಿಕ್ಕಿದ ಹಾಗೇ. ಎರಡನ್ನೂ ಬಿಟ್ಟರೆ "ಎಲ್ಲೋ ಒಂದು ಕಡೆ ಎಲ್ಲೆ ತಾಳೆಯಾಗುತ್ತದೆ, ನಮ್ಮನ್ನು ನಂಬಿ" ಎಂದಷ್ಟೇ ಉಳಿಯುತ್ತದೆ. ಅಂಥದ್ದನ್ನು ಬೇರೆಯವರು ಬರೆದಿದ್ದರೆ ನಾನೇ ಒಪ್ಪುತ್ತಿರಲಿಲ್ಲ.

ಕಲ್ಲುಗಳನ್ನು ಮ್ಯೂಸಿಯಮ್ಮಿಗೆ ಸಾಗಿಸಿ ಆಮೇಲೆ ಪ್ರಕಟಿಸಿ ಎಂದವರೂ ಇದ್ದಾರೆ. ಕಿತ್ತು ತಂದು ಅಂಗಳದಲ್ಲಿ ನಿಲ್ಲಿಸಿದರೆ ಕಲ್ಲು ಉಳಿಯುತ್ತದೆ, ಎಲ್ಲೆ ಹೋಗುತ್ತದೆ. ಊರಿನವರಿಗೂ ಅದು ಬೇಡ. ಸದ್ಯಕ್ಕೆ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟಾಗಿದೆ. ರಾಜ್ಯದ ಪುರಾತತ್ವ ಇಲಾಖೆಗೆ ಅರ್ಜಿ ಹೋಗಿದೆ, ನಮ್ಮ ಪೂರ್ತಿ ದಾಖಲೆಯ ಒಂದು ಪ್ರತಿಯನ್ನೂ ಅದರ ಜೊತೆ ಕೊಟ್ಟಿದ್ದೇವೆ.

ಇನ್ನೊಂದು ಮಾತು ಬಿಚ್ಚಿ ಹೇಳಿಬಿಡುತ್ತೇನೆ. ಪರಿಶೀಲಕರ ಟಿಪ್ಪಣಿ ಕೈಗೆ ಬಂದ ಮೇಲೆ ಲೇಖನ ವಾಪಸ್ ಕೇಳಿದರೆ, ಅದನ್ನೇ ತಿದ್ದಿಕೊಂಡು ಬೇರೆ ಪತ್ರಿಕೆಗೆ ಕಳಿಸುತ್ತಾರೆ ಎಂಬ ಅನುಮಾನ ಸಂಪಾದಕರಿಗೆ ಬರುವುದು ಸಹಜ. ಹಾಗೆ ಮಾಡುವವರು ಇದ್ದಾರೆ ಕೂಡ. ಈ ಲೇಖನ ಬೇರೆಲ್ಲೂ ಹೋಗಿಲ್ಲ, ಹೋಗುವುದೂ ಇಲ್ಲ. ಮುಂದೆ ಎಂದಾದರೂ ಕಲ್ಲುಗಳಿಗೆ ರಕ್ಷಣೆ ಸಿಕ್ಕಿ, ಊರಿನವರೇ ಆಗಲಿ ಎಂದರೆ, ಮೊದಲು ನಿಮ್ಮನ್ನೇ ಕೇಳುತ್ತೇವೆ. ಆಗ ಅದನ್ನು ಹೊಸ ಲೇಖನವೆಂದೇ ಪರಿಶೀಲನೆಗೆ ಕಳಿಸಿ, ನಮ್ಮ ಅಭ್ಯಂತರವಿಲ್ಲ.

ಎರಡನೇ ಪರಿಶೀಲಕರಿಗೆ ನಮ್ಮ ವಿಶೇಷ ಧನ್ಯವಾದ ತಿಳಿಸಿ. ತೆಂಕಲ ಕಡೆಯ ಕಲ್ಲು ಈಗಿನ ಹಳ್ಳದ ಆಚೆ ಯಾಕಿದೆ, ಹಳ್ಳವೇ ದಾರಿ ಬದಲಿಸಿರಬಹುದಾ ಎಂದು ಅವರು ಕೇಳಿದ್ದ ಪ್ರಶ್ನೆ ನಮಗೆ ಹೊಳೆದಿರಲೇ ಇಲ್ಲ. ಅಷ್ಟು ಗಮನವಿಟ್ಟು ಓದಿದವರ ಶ್ರಮ ಅಚ್ಚಿಗೆ ಬಾರದೆ ಹೋಗುತ್ತಿದೆ, ಅದಕ್ಕೆ ಬೇಸರವಿದೆ.

ನಿಮ್ಮಿಂದ ಆಗಬೇಕಾದ್ದು ಇಷ್ಟು. ಲೇಖನ, ಫೋಟೊಗಳು, ನಿರ್ದೇಶಾಂಕಗಳ ಪಟ್ಟಿ, ನಕ್ಷೆಯ ಫೈಲು ಇವನ್ನು ನಿಮ್ಮ ಆನ್‌ಲೈನ್ ವ್ಯವಸ್ಥೆಯಿಂದ ಅಳಿಸಬೇಕು. ಕಚೇರಿಯ ದಾಖಲೆಗೆ ಲೇಖನದ ಪ್ರತಿ ಬೇಕೇ ಬೇಕು ಅಂದರೆ ಅದೊಂದನ್ನು ಇಟ್ಟುಕೊಳ್ಳಿ, ಪಟ್ಟಿ ಮತ್ತು ನಕ್ಷೆ ಮಾತ್ರ ದಯವಿಟ್ಟು ಬೇಡ. ಪರಿಶೀಲಕರಿಬ್ಬರಿಗೂ ತಮ್ಮ ಪ್ರತಿ ಅಳಿಸಲು ಹೇಳಬೇಕು. ಮುಂದಿನ ಸಂಚಿಕೆಯ ಮುನ್ನೋಟದಲ್ಲಿ ಶೀರ್ಷಿಕೆ, ಸಾರಾಂಶ ಸೇರಿದ್ದರೆ ಅದನ್ನೂ ತೆಗೆಸಬೇಕು. ಕಟ್ಟಿದ ಶುಲ್ಕ ವಾಪಸ್ ಬೇಡ, ಪರಿಶೀಲನೆಯ ಕೆಲಸ ನಡೆದೇ ನಡೆದಿದೆ.

ಲೇಖನ ವಾಪಸಾಯಿತು ಎಂದು ಒಂದು ಸಾಲಿನ ಇಮೇಲ್ ಕಳಿಸಿದರೆ ಸಾಕು. ಊರಿನವರಿಗೆ ತೋರಿಸಬೇಕು, ಕೇಳುತ್ತಿದ್ದಾರೆ. ಇನ್ನೇನಾದರೂ ವಿವರ ಬೇಕಿದ್ದರೆ ಫೋನಿನಲ್ಲಿ ಮಾತಾಡೋಣ. ಊರಿನ ಹೆಸರು, ಕಲ್ಲಿನ ಜಾಗ ಇಮೇಲಿನಲ್ಲಿ ಬರೆಯುವುದು ಬೇಡ.

ಇಂತಿ ನಿಮ್ಮ ವಿಶ್ವಾಸಿ,
ಸುಜಾತಾ
ಮೊದಲ ಲೇಖಕಿ, ಮೂವರೂ ಲೇಖಕರ ಪರವಾಗಿ

ಲಗತ್ತು: ಮೂವರು ಲೇಖಕರ ಸಹಿ ಇರುವ ಒಪ್ಪಿಗೆ ಪತ್ರ
ಪ್ರತಿ: ಸಹಲೇಖಕರಿಬ್ಬರಿಗೆ