ಮನಿ, ಮೊನೆ

ಮಲ್ಪೆ ದಕ್ಕೆಯಲ್ಲಿ ನಾನು ಮೀನಿನ ಲೆಕ್ಕ ಬರೆಯುತ್ತೇನೆ. ಬೋಟು ಬಂದ ಹೊತ್ತಿಗೆ ಇಲ್ಲಿ ಐದಾರು ಭಾಷೆ ಒಟ್ಟಿಗೆ ಕೇಳಿಸುತ್ತವೆ. ತುಳು, ಕೊಂಕಣಿ, ತೆಲುಗು, ಹಿಂದಿ, ಒಡಿಯಾ, ಜೊತೆಗೆ ಕೊಪ್ಪಳ ಕಡೆಯ ಕನ್ನಡ. ಆ ಗದ್ದಲದ ನಡುವೆ ರೇಣವ್ವನೂ ಸುದಾಮನೂ ಮಾತೇ ಇಲ್ಲದೆ ಹತ್ತಿರವಾದರು.

ರೇಣವ್ವ ಕುಷ್ಟಗಿ ತಾಲ್ಲೂಕಿನವಳು. ಬಂಗುಡೆ ಬೇರೆ, ಬೂತಾಯಿ ಬೇರೆ ಅಂತ ಮೀನು ವಿಂಗಡಿಸುವ ಕೆಲಸ. ಸುದಾಮ ಒಡಿಶಾದ ಬಾಲೇಶ್ವರದ ಕಡೆಯವನು. ಟ್ರಾಲ್ ಬೋಟಿನಲ್ಲಿ ಬಲೆ ಎಳೆಯುತ್ತಾನೆ. ಹೋದರೆ ಹತ್ತು ದಿನ ಕಡಲಲ್ಲೇ. ಅವಳಿಗೆ ಹಿಂದಿ ಬಾರದು. ಅವನ ಹಿಂದಿಯೂ ಹಾಂ, ನಹೀಗೆ ಮುಗಿಯುತ್ತಿತ್ತು.

ಒಂದು ದಿನ ಅವಳ ಬೆರಳಿಗೆ ಮೀನಿನ ಮುಳ್ಳು ಹೊಕ್ಕಿತು. ಯಾರೂ ಗಮನಿಸಲಿಲ್ಲ. ಸುದಾಮ ಬೋಟಿನಿಂದ ಇಳಿದು ಬಂದು ಒಂದು ಹಿಡಿ ಐಸ್ ಅವಳ ಅಂಗೈಗೆ ಹಾಕಿ, ಸುಮ್ನೆ ಹೊರಟುಹೋದ. ಮುಂದಿನ ಸಲ ಬೋಟು ಬಂದಾಗ ಅವಳು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದಳು. ಅವನು ರೊಟ್ಟಿಯನ್ನು ಮುರಿದು ನೀರಿಗೆ ಹಾಕಿ ಕಲಸಿಬಿಟ್ಟ! ಅವಳಿಗೆ ಸಿಟ್ಟು ಬಂತು. "ಏನ್ ಮನಷ್ಯಾನೋ ಏನೋ" ಅಂತ ಅತ್ತ ತಿರುಗಿ ಕೂತಳು.

ಮರುದಿನ ಅವನು ಒಂದು ಡಬ್ಬಿ ತಂದು ಅವಳ ಮುಂದಿಟ್ಟ. ರಾತ್ರಿಯಿಡೀ ನೀರಲ್ಲಿ ನೆನೆದು ಹುಳಿಬಂದ ಅನ್ನ, ಒಂದು ಈರುಳ್ಳಿ, ಹಸಿಮೆಣಸು. "ಪಖಾಳ" ಅಂದ. ಅವಳು ಒಂದು ತುತ್ತು ಬಾಯಿಗಿಟ್ಟಳು. ಮುಖ ಅರಳಿತು. ಬೇಸಿಗೆಯಲ್ಲಿ ಅವರ ಹೊಲದಲ್ಲಿ ಕುಡಿಯುವ ಅಂಬಲಿಯದೇ ಹುಳಿ, ಅದೇ ತಂಪು. ರೊಟ್ಟಿಯನ್ನು ಯಾಕೆ ನೀರಿಗೆ ಹಾಕಿದ ಅಂತ ಅವಳಿಗೆ ಆಗ ಗೊತ್ತಾಯಿತು. ತನಗೆ ತುಂಬ ಇಷ್ಟವಾದ ರೀತಿಯಲ್ಲೇ ಅದನ್ನು ತಿಂದಿದ್ದ, ಪಾಪ.

ಆಮೇಲೆ ಬೋಟು ಬರುವ ದಿನ ಅವಳು ಮಲ್ಲಿಗೆ ಮುಡಿದು ಬರುತ್ತಿದ್ದಳು. ಮೀನಿನ ನಾತದಲ್ಲಿ ಮಲ್ಲಿಗೆ ಯಾರಿಗೆ ತಿಳಿಯುತ್ತೆ ಅಂತ ಉಳಿದ ಹೆಂಗಸರು ರೇಗಿಸುತ್ತಿದ್ದರು. ಅವನಿಗೆ ತಿಳಿಯುತ್ತಿತ್ತು.

ಜೂನ್ 1ಕ್ಕೆ ಮೀನುಗಾರಿಕೆ ನಿಷೇಧ. ಜುಲೈ 31ರವರೆಗೆ, 61 ದಿನ ಬೋಟುಗಳು ದಡದಲ್ಲೇ. ಅವಳು ಬಿತ್ತನೆಗೆ ಊರಿಗೆ ಹೋದಳು, ಅವನು ರೈಲು ಹತ್ತಿದ. ಇಬ್ಬರ ಬಳಿಯೂ ಫೋನಿತ್ತು. ಆದರೆ ಫೋನಿನಲ್ಲಿ ಕೈ ಇಲ್ಲ, ಕಣ್ಣಿಲ್ಲ, ಬರೀ ಮಾತು. ಇವರಿಗಿದ್ದ ತೊಂದರೆಯೇ ಅದು, ಅಲ್ವಾ?

ಆಗಸ್ಟ್‌ನಲ್ಲಿ ರೇಣವ್ವ ಎರಡು ದಿನ ಮೊದಲೇ ಬಂದಳು. ಸೀದಾ ನನ್ನ ಮೇಜಿನ ಹತ್ತಿರ ಬಂದಳು.

"ಅಣ್ಣಾರ, ದಿನಾ ಸಂಜಿಕೆ ಫೋನ್ ಮಾಡ್ತಿದ್ದ್ರೀ. ಮನಿ, ಮನಿ ಅಂತಿದ್ದ. ನಮ್ಮ ಮನಿ ಹೆಂಗೈತಿ ಅಂತ ಕೇಳಾಕತ್ತಾನ ಅಂದ್ಕೊಂಡು ಎಲ್ಲಾ ಹೇಳೀನಿ. ಮನಿ ಸೋರಾಕತ್ತೈತಿ, ರಾತ್ರಿ ಪಾತ್ರಿ ಇಟ್ಟು ಕುಂದರ್ತೀವಿ ಅಂತ."

"ಅವನು ಹೇಳಿದ್ದನ್ನ ಹಾಗೇ ಹೇಳು ನೋಡೋಣ" ಅಂದೆ.

ಅವಳು ನೆನಪು ಮಾಡಿಕೊಂಡು ಮೆಲ್ಲಗೆ ಹೇಳಿದಳು. "ತುಮೊ ಕೊಥಾ ಮೊನೆ ಪೊಡುಛಿ."

ಐಸ್ ಹೊರುವ ಒಡಿಯಾ ಹುಡುಗನೊಬ್ಬನಿಗೆ ತುಳು ಬರುತ್ತದೆ. ಅವನನ್ನು ಕರೆದು ಕೇಳಿದೆ. ಅವನು ನಕ್ಕು ಅರ್ಥ ಹೇಳಿದ. ನಾನು ರೇಣವ್ವನಿಗೆ ಹೇಳಿದೆ: "ಅವನು ಮನೆ ಕೇಳಿಲ್ಲ ಕಣಮ್ಮ. ನೀನು ನೆನಪಾಗ್ತಾ ಇದ್ದೀ ಅಂದಿದ್ದಾನೆ. ನೀನು ಮನಿ ಅಂದಾಗೆಲ್ಲ ಅವನಿಗೂ ಹಾಗೇ ಕೇಳಿಸಿರಬೇಕು."

ಅವಳು ಬುಟ್ಟಿಯ ಅಂಚು ಹಿಡಿದು ಸುಮಾರು ಹೊತ್ತು ನಿಂತಳು.

"ಅಂದ್ರ ನಾನೂ ದಿನಾ ಅದನ್ನ ಹೇಳೀನೇನ್ರೀ?" ಅಂದಳು. ಆಮೇಲೆ ನೆಲ ನೋಡುತ್ತಾ, "ಖರೇನ ಐತಲ್ರೀ ಅದು."

ಸುದಾಮ ಬಂದಿಳಿದಾಗ ಜಿಟಿಜಿಟಿ ಮಳೆ. ಬೆನ್ನಿಗೆ ಬ್ಯಾಗು, ಹೆಗಲ ಮೇಲೆ ಸುತ್ತಿದ ಒಂದು ನೀಲಿ ಟಾರ್ಪಾಲು. ಬೋಟಿಗೆ ತಂದಿದ್ದಾನೆ ಅಂದುಕೊಂಡೆ. ಅವನು ಅದನ್ನು ರೇಣವ್ವನ ಮುಂದೆ ಇಳಿಸಿದ. ಕಿವಿ ಮುಟ್ಟಿ ತೋರಿಸಿದ, ಫೋನು ಹಿಡಿದ ಹಾಗೆ. ಆಮೇಲೆ ಒಂದು ಬೆರಳನ್ನು ಮೇಲಿನಿಂದ ಕೆಳಗೆ ತಂದು ಇನ್ನೊಂದು ಅಂಗೈಗೆ ಬಡಿದ.

"ಟಪ್, ಟಪ್, ಟಪ್" ಅಂದ.

ಅವಳ ಪಾತ್ರೆಗೆ ನೀರು ಬೀಳುವ ಸದ್ದನ್ನು ಎರಡು ತಿಂಗಳು ಅಷ್ಟು ದೂರದಿಂದ ಕೇಳಿಸಿಕೊಂಡಿದ್ದ.

ರೇಣವ್ವ ಟಾರ್ಪಾಲಿನ ಮೇಲೆ ಕೈ ಇಟ್ಟು "ಮನಿ" ಅಂದಳು.

"ಮೊನೆ" ಅಂದ ಅವನು.