ವಿಷಯ: ಏಪ್ರಿಲ್ 13ಕ್ಕೆ ಗೋದಾಮು ಹೊಸ ಸಾಫ್ಟ್‌ವೇರಿಗೆ – ಯಾರು, ಏನು, ಯಾವಾಗ (ಕರಡು, ನೀವೂ ತಿದ್ದಿ)

ರೇಖಾ ಅವರೇ, ನಮಸ್ಕಾರ.

ಬೆಳಿಗ್ಗೆ ಫೋನಿನಲ್ಲಿ ನೀವು "ಸರಿ, ನಿಮ್ಮ ಜೊತೆಗೇ ಮಾಡೋಣ" ಅಂದಾಗ ತುಂಬಾ ಖುಷಿಯಾಯಿತು. ನೀವೂ ನಾಗರಾಜ್ ಅವರೂ ನಾಲ್ಕು ತಿಂಗಳಿಂದ ಇದರ ಹಿಂದೆ ಬಿದ್ದಿದ್ದೀರಿ, ಮೂರು ಸಲ ಡೆಮೊ ನೋಡಿದ್ದೀರಿ, ಪ್ರತಿ ಸಲವೂ ನಮಗೆ ಕೆಲಸ ಹೆಚ್ಚಿಸುವ ಒಳ್ಳೆಯ ಪ್ರಶ್ನೆಗಳನ್ನೇ ಕೇಳಿದ್ದೀರಿ. ಮಾತಾಡಿದ್ದು ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಎಲ್ಲವನ್ನೂ ಬರೆದಿಡೋಣ ಅಂತ ಇವತ್ತೇ ಈ ಮೇಲ್ ಕಳಿಸುತ್ತಿದ್ದೇನೆ.

ಇದು ನಾನೊಬ್ಬಳೇ ಕೂತು ಹಾಕಿದ ಕರಡು. ನಮ್ಮ ಕಡೆಯ ತಾರೀಖುಗಳನ್ನು ಪ್ರಶಾಂತ್ ಮತ್ತು ಅನಿತಾ ಅವರನ್ನು ಕೇಳಿಯೇ ಬರೆದಿದ್ದೇನೆ, ಅವು ಗಟ್ಟಿ. ನಿಮ್ಮ ಕಡೆಯವು ನನ್ನ ಅಂದಾಜು ಅಷ್ಟೇ. ಯಾವುದಾದರೂ ಆಗದ ಮಾತು ಅನ್ನಿಸಿದರೆ ಸುಮ್ನೆ ಹೊಡೆದುಹಾಕಿ, ಆಗುವ ತಾರೀಖು ಬರೆಯಿರಿ. ಇದೇ ಪಟ್ಟಿ ಒಂದು ಶೀಟ್‌ನಲ್ಲೂ ಇದೆ, ಈ ಮೇಲ್‌ನಲ್ಲಿರುವ ಎಲ್ಲರಿಗೂ ತಿದ್ದಲು ಅನುಮತಿ ಕೊಟ್ಟಿದ್ದೇನೆ. ಮುಂದೆ ಏನೇ ಬದಲಾದರೂ ಆ ಶೀಟ್‌ನಲ್ಲೇ ಬದಲಾಗಲಿ. ಒಬ್ಬರ ಮೇಲ್‌ನಲ್ಲಿ ಒಂದು ತಾರೀಖು, ಇನ್ನೊಬ್ಬರ ತಲೆಯಲ್ಲಿ ಇನ್ನೊಂದು ಇರುವುದು ಬೇಡ.

ಲೆಕ್ಕವನ್ನು ಹಿಂದಿನಿಂದ ಹಾಕಿದ್ದೇನೆ. ನಿಮ್ಮ ಹಳೆಯ ಸಾಫ್ಟ್‌ವೇರ್‌ನ ಲೈಸೆನ್ಸ್ ಏಪ್ರಿಲ್ 30, ಗುರುವಾರ ಮುಗಿಯುತ್ತದೆ. ಹೊಸದು ಶುರುವಾದ ಮೇಲೂ ಎರಡು ವಾರವಾದರೂ ಹಳೆಯದು ಕೈಗೆ ಸಿಗುವಂತಿರಬೇಕು, ಏನಾದರೂ ಲೆಕ್ಕ ತಾಳೆಯಾಗದಿದ್ದರೆ ತೆರೆದು ನೋಡುವುದಕ್ಕೆ. ಹಾಗಾಗಿ ಏಪ್ರಿಲ್ 13, ಸೋಮವಾರ. ಅದಕ್ಕಿಂತ ಒಂದು ವಾರ ಮುಂದೆ ಹೋದರೆ ಈ ಅವಕಾಶವೇ ಇರುವುದಿಲ್ಲ.

ಮೊದಲು ಕಾಗದಪತ್ರ

ನಾಳೆ, ಮಾರ್ಚ್ 6ಕ್ಕೆ, ಒಪ್ಪಂದದ ಕರಡು ಮತ್ತು ಡೇಟಾ ಸುರಕ್ಷತೆಯ ಒಪ್ಪಂದ ಎರಡನ್ನೂ ನಾನು ಕಳಿಸುತ್ತೇನೆ. ನಿಮ್ಮ ವಕೀಲರು ಮಾರ್ಚ್ 13, ಶುಕ್ರವಾರದೊಳಗೆ ತಮ್ಮ ತಿದ್ದುಪಡಿಗಳನ್ನು ಒಂದೇ ಸಲಕ್ಕೆ ಕೊಟ್ಟರೆ ಸಾಕು. ಒಂದೊಂದಾಗಿ ಬಂದರೆ ಪ್ರತಿ ಸಲವೂ ನಮ್ಮ ವಕೀಲರ ಸರದಿಯಲ್ಲಿ ಮತ್ತೆ ನಿಲ್ಲಬೇಕಾಗುತ್ತದೆ, ಅದಕ್ಕೇ ಕೇಳುತ್ತಿದ್ದೇನೆ. ಮಂಜುನಾಥ್ ಅವರು ಐಟಿ ಸುರಕ್ಷತೆಯ ಪ್ರಶ್ನೆಪಟ್ಟಿಯನ್ನು 10ನೇ ತಾರೀಖಿಗೆ ಕಳಿಸಿದರೆ ನಾವು 13ಕ್ಕೆ ಉತ್ತರ ತುಂಬಿ ಕೊಡುತ್ತೇವೆ. ಸಹಿ ಮಾರ್ಚ್ 18, ಬುಧವಾರ. ಮರುದಿನ ಲೀಲಾ ಅವರಿಂದ ಪರ್ಚೇಸ್ ಆರ್ಡರ್ ನಂಬರ್.

ಇಲ್ಲಿ ಒಂದು ನೇರ ಪ್ರಶ್ನೆ ಕೇಳಬೇಕು. ನೀವು ಹೂಂ ಅಂದಿದ್ದೀರಿ, ಆದರೆ ಸಹಿ ಮಾಡುವವರು ನಿಮ್ಮ ಹಣಕಾಸು ನಿರ್ದೇಶಕರು ಅಲ್ವಾ? ಅವರು ಈ ಮೊತ್ತವನ್ನೂ ಎರಡು ವರ್ಷದ ಅವಧಿಯನ್ನೂ ಈಗಾಗಲೇ ನೋಡಿದ್ದಾರಾ, ಅಥವಾ ಒಪ್ಪಂದ ಮೇಜಿಗೆ ಬಂದ ದಿನವೇ ಮೊದಲ ಸಲ ನೋಡುತ್ತಾರಾ? ಎರಡನೆಯದಾದರೆ ಅದೇನೂ ತಪ್ಪಲ್ಲ, ಆದರೆ ಈಗಲೇ ಗೊತ್ತಾದರೆ ಒಳ್ಳೆಯದು. ಅವರಿಗೆ ಕೊಡಲು ಒಂದು ಪುಟದ ಟಿಪ್ಪಣಿಯನ್ನು ನಾನೇ ಬರೆದುಕೊಡುತ್ತೇನೆ, ನೀವು ಹೇಳಿದ ಎರಡು ಕಾರಣಗಳನ್ನೇ ಇಟ್ಟುಕೊಂಡು: ತಪ್ಪು ಸರಕು ಹೋಗುವುದು, ಮತ್ತು ತಿಂಗಳ ಕೊನೆಯ ಎಣಿಕೆಗೆ ಎರಡು ದಿನ ಗೋದಾಮು ನಿಲ್ಲುವುದು.

ಡೇಟಾ: ಇಲ್ಲೇ ಜಾಸ್ತಿ ಗಮನ ಬೇಕು

ಇಡೀ ಯೋಜನೆಯಲ್ಲಿ ತಡವಾಗುವುದಿದ್ದರೆ ಇಲ್ಲೇ ತಡವಾಗುತ್ತದೆ. ಸಾಫ್ಟ್‌ವೇರ್ ಹಾಕುವುದು ಕಷ್ಟವಲ್ಲ, ಸರಕಿನ ಪಟ್ಟಿ ಸರಿಯಾಗಿರುವುದು ಕಷ್ಟ. ಹಿಂದೆ ನಾನು ನೋಡಿಕೊಂಡ ಒಂದು ಕಡೆ ಪಟ್ಟಿ ಶುರುವಿನ ಹಿಂದಿನ ದಿನ ಸಂಜೆ ಬಂತು, ನಾವೂ ಬೇಡ ಅನ್ನಲಿಲ್ಲ. ಮರುದಿನ ಒಂದೇ ಸರಕು ಮೂರು ಕೋಡ್‌ನಲ್ಲಿ ಕಾಣಿಸಿಕೊಂಡು ಇಡೀ ಗೋದಾಮನ್ನು ಎರಡನೇ ಸಲ ಎಣಿಸಬೇಕಾಯಿತು. ಅವತ್ತು ಬೇಡ ಅನ್ನಬೇಕಿದ್ದವಳು ನಾನು. ಅದಕ್ಕೇ ಈಗ ಮೊದಲೇ ಕೇಳುತ್ತಿದ್ದೇನೆ.

ಮಾರ್ಚ್ 16, ಸೋಮವಾರದೊಳಗೆ ನಾಗರಾಜ್ ಅವರು 200 ಸಾಲಿನ ಒಂದು ಮಾದರಿ ಫೈಲ್ ಕೊಟ್ಟರೆ ಸಾಕು. ಎಲ್ಲಾ ವಿಭಾಗದಿಂದಲೂ ಸ್ವಲ್ಪ ಸ್ವಲ್ಪ ಇರಲಿ, ಮುಖ್ಯವಾಗಿ ಗೊಂದಲ ಇರುವ ಸಾಲುಗಳೇ ಬೇಕು. ಚೆನ್ನಾಗಿರುವ ಸಾಲುಗಳಿಂದ ನಮಗೇನೂ ಗೊತ್ತಾಗುವುದಿಲ್ಲ. ಫೈಲಿನ ಮೊದಲ ಸಾಲು ಹೀಗಿರಲಿ:

```
item_code,barcode,name,uom,pack_qty,location,on_hand
```

ಬಾರ್‌ಕೋಡ್ ಕಾಲಂ ಬಗ್ಗೆ ಎಚ್ಚರ. ಫೈಲನ್ನು ಎಕ್ಸೆಲ್‌ನಲ್ಲಿ ಹಾಗೇ ತೆರೆದರೆ ಅದು ಬಾರ್‌ಕೋಡನ್ನು ಸಂಖ್ಯೆ ಅಂದುಕೊಂಡು ಶುರುವಿನ ಸೊನ್ನೆಗಳನ್ನು ತೆಗೆದುಬಿಡುತ್ತದೆ, 13 ಅಂಕಿಯ ಕೋಡನ್ನು ಇ+12 ಅಂತ ಮೊಟಕು ಮಾಡಿ ತೋರಿಸುತ್ತದೆ. ಹಾಗೇ ಸೇವ್ ಆಯಿತೆಂದರೆ ಸ್ಕ್ಯಾನರ್ ಓದಿದ್ದಕ್ಕೂ ಪಟ್ಟಿಗೂ ತಾಳೆಯಾಗುವುದಿಲ್ಲ. ಹಳೆಯ ಸಾಫ್ಟ್‌ವೇರಿನಿಂದ ತೆಗೆದ ಫೈಲನ್ನು ತೆರೆಯದೆ ನೇರವಾಗಿ ಕಳಿಸಿದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಇನ್ನೊಂದು, ಅಳತೆ. ನೀವು ಪೆಟ್ಟಿಗೆಯಲ್ಲಿ ಕೊಂಡು ಬಿಡಿಯಾಗಿ ಮಾರುವ ಸರಕುಗಳಿಗೆ ಒಂದು ಪೆಟ್ಟಿಗೆಯಲ್ಲಿ ಎಷ್ಟು ಅನ್ನುವುದು ಪಟ್ಟಿಯಲ್ಲಿ ಇರಲೇಬೇಕು. ಇಲ್ಲದಿದ್ದರೆ 10 ಪೆಟ್ಟಿಗೆ ಬಂದಿದ್ದು 10 ಬಿಡಿ ಅಂತ ದಾಖಲಾಗುತ್ತದೆ. ಇದನ್ನು ಯಾವ ಪ್ರೋಗ್ರಾಮೂ ಹಿಡಿಯುವುದಿಲ್ಲ, ಗೊತ್ತಿರುವುದು ಗೋದಾಮಿನವರಿಗೆ ಮಾತ್ರ.

ಅನಿತಾ ಮಾದರಿಯನ್ನು ನೋಡಿ 18ನೇ ತಾರೀಖಿಗೆ ಏನೇನು ಸರಿಪಡಿಸಬೇಕು ಅಂತ ಬರೆದುಕೊಡುತ್ತಾರೆ. ಪೂರ್ತಿ ಪಟ್ಟಿ ಮಾರ್ಚ್ 23, ಸೋಮವಾರಕ್ಕೆ ಬರಲಿ. ಒಂದೇ ಸರಕು ಎರಡು ಕಡೆ ಇರುವುದನ್ನು ಅನಿತಾ ಹುಡುಕಿ ಕೊಡುತ್ತಾರೆ, ಯಾವುದನ್ನು ಉಳಿಸಬೇಕು ಅನ್ನುವುದನ್ನು ನಾಗರಾಜ್ ಅವರು ತೀರ್ಮಾನಿಸಬೇಕು. ಮಾರ್ಚ್ 27, ಶುಕ್ರವಾರ ನೀವು "ಪಟ್ಟಿ ಸರಿ ಇದೆ" ಅಂತ ಒಂದು ಸಾಲಿನ ಮೇಲ್ ಹಾಕಿದರೆ ಅಲ್ಲಿಗೆ ಬೀಗ. ಅದಾದ ಮೇಲೆ ಸೇರಿಸಬೇಕಾದ ಹೊಸ ಸರಕುಗಳನ್ನು ಬೇರೆಯಾಗಿ ಬರೆದಿಟ್ಟುಕೊಂಡು ಕೊನೆಯಲ್ಲಿ ಸೇರಿಸೋಣ.

ರೇಖಾ ಅವರೇ, ಒಂದು ಕೋರಿಕೆ. ಮಾರ್ಚ್ 16ರಿಂದ 27ರವರೆಗೆ ನಾಗರಾಜ್ ಅವರಿಗೆ ದಿನಕ್ಕೆ ಎರಡು ಗಂಟೆ ಬಿಡುವು ಮಾಡಿಕೊಡಿ. ಇದು ದಿನದ ಕೆಲಸ ಮುಗಿಸಿ ರಾತ್ರಿ ಮಾಡುವಂಥದ್ದಲ್ಲ. ದಣಿದ ಕಣ್ಣಿಗೆ ತಪ್ಪು ಕಾಣಿಸುವುದಿಲ್ಲ.

ಅದರ ಜೊತೆಜೊತೆಗೆ

ಮಾರ್ಚ್ 20, ಶುಕ್ರವಾರ ಬೆಳಿಗ್ಗೆ 11ಕ್ಕೆ ಎಲ್ಲರೂ ಸೇರುವ ಮೊದಲ ಕರೆ, 45 ನಿಮಿಷ. ನಡೆಸುವವರು ಪ್ರಶಾಂತ್. ಅವತ್ತಿನಿಂದ ದಿನನಿತ್ಯದ ಕೆಲಸ ಅವರ ಕೈಯಲ್ಲಿ, ಆದರೆ ನಾನು ಎಲ್ಲೂ ಹೋಗುವುದಿಲ್ಲ. ಏಪ್ರಿಲ್ ಕೊನೆಯವರೆಗೂ ಪ್ರತಿ ಸೋಮವಾರದ ಕರೆಯಲ್ಲಿ ಇರುತ್ತೇನೆ.

ಲಾಗಿನ್ ವಿಷಯ ಮಂಜುನಾಥ್ ಮತ್ತು ಪ್ರಶಾಂತ್ ಇಬ್ಬರದು. ನಿಮ್ಮವರು ಈಗ ಬಳಸುವ ಕಂಪನಿ ಪಾಸ್‌ವರ್ಡ್‌ನಲ್ಲೇ ಇದಕ್ಕೂ ಒಳಗೆ ಬರುವಂತೆ ಮಾಡಲು ಎಸ್‌ಎಎಂಎಲ್ ಮೆಟಾಡೇಟಾ ಫೈಲ್ ಬೇಕು, ಮಾರ್ಚ್ 24ರೊಳಗೆ. ಎರಡು ಪರೀಕ್ಷಾ ಖಾತೆಗಳಲ್ಲಿ ಸರಿಯಾದ ಮೇಲೆ ಉಳಿದವರನ್ನು ಸೇರಿಸುತ್ತೇವೆ. ಮಂಜುನಾಥ್ ಅವರೇ, ಆ ಫೈಲಿನಲ್ಲಿರುವ ಸರ್ಟಿಫಿಕೇಟ್‌ನ ಅವಧಿ ಯಾವಾಗ ಮುಗಿಯುತ್ತದೆ ಅಂತ ದಯವಿಟ್ಟು ಒಮ್ಮೆ ನೋಡಿ. ಏಪ್ರಿಲ್‌ನಲ್ಲೇ ಮುಗಿಯುವಂತಿದ್ದರೆ ಈಗಲೇ ಹೊಸದು ಹಾಕಿಬಿಡೋಣ.

ಮಾರ್ಚ್ 25ಕ್ಕೆ ಮಂಜುನಾಥ್ ಅವರ ತಂಡದವರು ಒಂದು ಸ್ಕ್ಯಾನರ್ ಹಿಡಿದುಕೊಂಡು ಗೋದಾಮಿನ ಎಲ್ಲಾ ಸಾಲುಗಳಲ್ಲಿ ನಡೆದು ವೈಫೈ ಎಲ್ಲಿ ಹೋಗುತ್ತದೆ ಅಂತ ಗುರುತು ಮಾಡಲಿ. ಎತ್ತರದ ಕಬ್ಬಿಣದ ರ‍್ಯಾಕ್‌ಗಳ ನಡುವೆ, ಅದರಲ್ಲೂ ಸರಕು ತುಂಬಿದ್ದಾಗ, ಸಿಗ್ನಲ್ ಬೀಳುವುದು ಸಾಮಾನ್ಯ. ಖಾಲಿ ಇದ್ದಾಗ ನೋಡಿದರೆ ಪ್ರಯೋಜನವಿಲ್ಲ.

ತರಬೇತಿ ಮಾರ್ಚ್ 30 ಮತ್ತು 31, ಎರಡು ಪಾಳಿಯವರಿಗೂ ಅವರವರ ಕೆಲಸದ ಹೊತ್ತಿನಲ್ಲೇ, ತಲಾ 90 ನಿಮಿಷ. ರಜೆಯ ದಿನ ಕರೆಸುವುದು ಬೇಡ. ನಡೆಸುವವರು ಪ್ರಶಾಂತ್, ಯಾರು ಯಾವ ತಂಡದಲ್ಲಿ ಅನ್ನುವ ಪಟ್ಟಿ ನಾಗರಾಜ್ ಅವರಿಂದ 26ಕ್ಕೆ.

ಪರೀಕ್ಷೆ, ಆಮೇಲೆ ಶುರು

ಏಪ್ರಿಲ್ 1ರಿಂದ 8ರವರೆಗೆ ಒಂದೇ ಒಂದು ವಿಭಾಗದಲ್ಲಿ ಹಳೆಯದು ಹೊಸದು ಎರಡನ್ನೂ ಒಟ್ಟಿಗೆ ನಡೆಸೋಣ. ಎರಡು ಕಡೆ ದಾಖಲಿಸುವುದು ಬೇಸರದ ಕೆಲಸ, ಗೊತ್ತು, ಅದಕ್ಕೇ ಒಂದೇ ವಿಭಾಗ. ಪ್ರತಿದಿನ ಸಂಜೆ ಎರಡರ ಸಂಖ್ಯೆಯನ್ನು ನಾಗರಾಜ್ ಮತ್ತು ಅನಿತಾ ಹೋಲಿಸುತ್ತಾರೆ.

ಏಪ್ರಿಲ್ 9, ಗುರುವಾರ ಸಂಜೆ 4ಕ್ಕೆ ಹೋಗೋಣವೋ ನಿಲ್ಲೋಣವೋ ಅನ್ನುವ ತೀರ್ಮಾನ. ಅದು ನಿಮ್ಮದು ರೇಖಾ ಅವರೇ, ನಮ್ಮದಲ್ಲ. ನನ್ನ ಸಲಹೆ ಇಷ್ಟೇ: ಕೊನೆಯ ಎರಡು ದಿನ ಸಂಖ್ಯೆಗಳು ತಾಳೆಯಾಗಿರಬೇಕು, ಅಥವಾ ಪ್ರತಿ ವ್ಯತ್ಯಾಸಕ್ಕೂ ಕಾರಣ ಗೊತ್ತಿರಬೇಕು. ಇಲ್ಲದಿದ್ದರೆ ನಿಲ್ಲಿಸಿ, ನಾನು ಒತ್ತಾಯ ಮಾಡುವುದಿಲ್ಲ.

ಏಪ್ರಿಲ್ 11 ಮತ್ತು 12, ಶನಿವಾರ ಭಾನುವಾರ, ಪೂರ್ತಿ ಎಣಿಕೆ ಮತ್ತು ಕೊನೆಯ ಡೇಟಾ ಸೇರಿಸುವುದು. ಎಣಿಕೆ ನಿಮ್ಮವರದು, ಡೇಟಾ ಅನಿತಾ ಅವರದು. ಶನಿವಾರ ಬೆಳಿಗ್ಗೆಯಿಂದ ಸೋಮವಾರ ಬೆಳಿಗ್ಗೆವರೆಗೆ ಸರಕು ಒಳಗೂ ಬರಬಾರದು ಹೊರಗೂ ಹೋಗಬಾರದು. ನಿಮ್ಮ ಸಾಗಣೆಯವರಿಗೂ ಗ್ರಾಹಕರಿಗೂ ಇದನ್ನು ಏಪ್ರಿಲ್ 2ರೊಳಗೆ ತಿಳಿಸಬೇಕು. ಇದಕ್ಕೆ ಯಾರ ಹೆಸರು ಹಾಕಬೇಕು ಅಂತ ನನಗೆ ಗೊತ್ತಾಗಲಿಲ್ಲ, ಸದ್ಯಕ್ಕೆ ನಿಮ್ಮ ಹೆಸರೇ ಇದೆ.

ಏಪ್ರಿಲ್ 13, ಸೋಮವಾರ ಶುರು. ಪ್ರಶಾಂತ್ ಆ ವಾರ ನಿಮ್ಮ ಗೋದಾಮಿನಲ್ಲೇ ಇರುತ್ತಾರೆ. 24ರವರೆಗೆ ದಿನವೂ ಸಂಜೆ 15 ನಿಮಿಷದ ಕರೆ. ಹಳೆಯ ಸಾಫ್ಟ್‌ವೇರಿನ ದಾಖಲೆಗಳನ್ನೆಲ್ಲ ಮಂಜುನಾಥ್ ಅವರು ಏಪ್ರಿಲ್ 28ರೊಳಗೆ ತೆಗೆದಿಟ್ಟುಕೊಳ್ಳಲಿ, ಲೈಸೆನ್ಸ್ ಮುಗಿದ ಮೇಲೆ ಬಾಗಿಲು ತೆರೆಯುವುದಿಲ್ಲ.

ನೀವು ಬೆಳಿಗ್ಗೆ ಕೇಳಿದ್ದಕ್ಕೆ ಉತ್ತರ ಸಿಕ್ಕಿತು: ಬಿಲ್ ಶುರುವಾಗುವುದು ಗೋದಾಮು ಶುರುವಾದ ದಿನದಿಂದ, ಸಹಿಯ ದಿನದಿಂದಲ್ಲ. ನಮ್ಮಿಂದ ತಡವಾದರೆ ಬಿಲ್ಲೂ ಅಷ್ಟು ದಿನ ತಡ. ಇದನ್ನು ಒಪ್ಪಂದದ ಕರಡಿನಲ್ಲೇ ಬರೆಸುತ್ತೇನೆ.

ಇನ್ನೂ ಸಹಿ ಆಗಿಲ್ಲ, ಅದು ನನಗೆ ನೆನಪಿದೆ. ಒಳಗೆ ಏನಾದರೂ ಬದಲಾದರೆ, ಯಾರಾದರೂ ಬೇಡ ಅಂದರೆ, ಅವತ್ತೇ ಒಂದು ಫೋನ್ ಮಾಡಿ. ಅನಿತಾ ಅವರ ಆ ಎರಡು ವಾರಗಳನ್ನು ನಿಮಗಾಗಿ ಇವತ್ತಿನಿಂದಲೇ ಕಾದಿರಿಸಿದ್ದೇನೆ, ಅದಕ್ಕೆ ಈ ಮಾತು.

ನಾಳೆ ಸಂಜೆಯೊಳಗೆ ಮೂರಕ್ಕೆ ಉತ್ತರ ಬೇಕು: ಏಪ್ರಿಲ್ 13 ನಿಮಗೆ ಸರಿಯೇ, ಹಣಕಾಸು ನಿರ್ದೇಶಕರು ನೋಡಿದ್ದಾರಾ, ಮತ್ತು ನಾಗರಾಜ್ ಅವರಿಗೆ ಆ ಎರಡು ಗಂಟೆ ಸಿಗುತ್ತದಾ. ಉಳಿದ ತಾರೀಖುಗಳನ್ನು ಸೋಮವಾರದವರೆಗೆ ನಿಧಾನವಾಗಿ ನೋಡಿ ತಿದ್ದಿ. ಬರೆಯುವುದಕ್ಕಿಂತ ಮಾತಾಡುವುದು ಸುಲಭ ಅನ್ನಿಸಿದರೆ ನಾಳೆ ಮಧ್ಯಾಹ್ನ 3ರಿಂದ 5ರವರೆಗೆ ಬಿಡುವಾಗಿದ್ದೇನೆ, ನೇರ ಫೋನ್ ಮಾಡಿ.

ಸುಮಾ