ಪಾಠ: ಸುಮ್ನ ನೋಡಾಕ ಬಂದೀನ್ರಿ

(ಕನ್ನಡ ಕಲಿಯುತ್ತಿರುವ ದೊಡ್ಡವರಿಗೆ. ಇಬ್ಬಿಬ್ಬರು ಸೇರಿ ಗಟ್ಟಿಯಾಗಿ ಓದಿ.)

ನೀವು ಬಾಗಲಕೋಟೆ ಕಡೆ ಕೆಲಸಕ್ಕೆ ಬಂದಿದ್ದೀರಿ. ಬಸ್ಸಿನ ಬೋರ್ಡು ಓದಲು ಬರುತ್ತದೆ, ಲೆಕ್ಕ ಮಾಡಲೂ ಬರುತ್ತದೆ. ಆದರೂ ಅಂಗಡಿಯಲ್ಲಿ ಕಕ್ಕಾಬಿಕ್ಕಿ ಆಗುತ್ತೀರಿ, ಅಲ್ವಾ? ಪದ ಎಲ್ಲ ಗೊತ್ತಿರುತ್ತದೆ, ಮಾತು ಮಾತ್ರ ಗೊತ್ತಾಗುವುದಿಲ್ಲ. ಈ ಪಾಠ ಅದಕ್ಕೇ. ಓದುವಾಗ 'ಏನು ಹೇಳಿದರು' ಅಂತ ಕೇಳಬೇಡಿ. 'ಯಾಕೆ ಹೇಳಿದರು' ಅಂತ ಕೇಳಿ.

ಮಾತು ಇಲ್ಲಿನ ಜನ ಆಡುವಂತೆಯೇ ಇದೆ. ಐತಿ ಅಂದರೆ ಇದೆ. ನೋಡಾಕ ಅಂದರೆ ನೋಡಲು. ಬ್ಯಾಡ ಅಂದರೆ ಬೇಡ. ರೊಕ್ಕ ಅಂದರೆ ದುಡ್ಡು. ಉದ್ರಿ ಅಂದರೆ ಸಾಲ. ಬೋಣಿಗಿ ಅಂದರೆ ದಿನದ ಮೊದಲ ವ್ಯಾಪಾರ. ದಡಿ ಅಂದರೆ ಸೀರೆಯ ಅಂಚು. ಬಟ್ಟ ಅಂದರೆ ಬೆರಳು. ಖಣ ಅಂದರೆ ಕುಪ್ಪಸದ ಬಟ್ಟೆ. ಗುಳೇದಗುಡ್ಡದ ಖಣಕ್ಕೆ ಹೆಸರು ಜಾಸ್ತಿ.

ಸ್ಥಳ: ಇಳಕಲ್ಲಿನ ಒಂದು ಸೀರೆ ಅಂಗಡಿ. ಮಧ್ಯಾಹ್ನ ಹನ್ನೆರಡು ಗಂಟೆ. ಗೋಡೆಯ ಮೇಲೆ ಬೋರ್ಡು: 'ಇಂದು ನಗದು, ನಾಳೆ ಉದ್ರಿ'.

ಅಂಗಡಿಯವರು: ಬರ್ರಿ ಅಕ್ಕಾರ, ಬರ್ರಿ! ಭಾಳ ದಿನಕ್ಕ ಬಂದ್ರಿ.

ಗಿರಾಕಿ: ನಿನ್ನೆನ ಬಂದಿದ್ನೆಲ್ರಿ ಸಾವ್ಕಾರ.

ಅಂಗಡಿಯವರು: ಅದನ್ನ ಅಂದೆ. ನೀವು ಒಂದಿನ ಬರಲಿಲ್ಲಂದ್ರ ನಮಗ ಭಾಳ ದಿನ ಆದಂಗ. ಕುಂದರ್ರಿ, ಏನ್ ತೋರಿಸ್ಲಿ?

ಗಿರಾಕಿ: ಏನೂ ಬ್ಯಾಡ್ರಿ. ಸುಮ್ನ ನೋಡಾಕ ಬಂದೀನಿ. (ಚಪ್ಪಲಿ ಬಿಟ್ಟು ಗಾದಿಯ ಮೇಲೆ ಕೂರುತ್ತಾರೆ. ಚೀಲ ಪಕ್ಕದಲ್ಲಿ ಇಡುತ್ತಾರೆ.)

ಅಂಗಡಿಯವರು: ನೋಡಾಕ ರೊಕ್ಕ ಇಲ್ಲ ಬಿಡ್ರಿ. ತಮ್ಮಾ, ಅಕ್ಕಾರು ನಿನ್ನೆ ಸುಮ್ನ ನೋಡಿದ ಸೀರಿ ತಗಿ.

ಗಿರಾಕಿ: ಯಾವುದ್ರಿ? ನನಗ ನೆನಪ ಇಲ್ಲ. ಗಿಣಿ ಹಸುರು, ಕೆಂಪ ಸೆರಗು, ನಾಕ ಬಟ್ಟ ದಡಿ, ಅದೇನ್ರಿ?

(ಅಂಗಡಿಯವರು ನಗುವುದಿಲ್ಲ. ಸೀರೆ ಬಿಡಿಸುತ್ತಾರೆ.)

ಗಿರಾಕಿ: ಬಣ್ಣ ಮಂಕ ಐತಲ್ರಿ.

ಅಂಗಡಿಯವರು: ತಮ್ಮಾ, ಲೈಟ್ ಹಚ್ಚು.

ಗಿರಾಕಿ: ಈಗ ಭಾಳ ಎದ್ದು ಕಾಣಾಕತ್ತೈತಿ.

ಅಂಗಡಿಯವರು: ಕೈಮಗ್ಗದ್ದು ಅಕ್ಕಾರ. ಸೆರಗು ನೋಡ್ರಿ. ಒಂದೊಂದ ಎಳಿ ಕೈಲೇ ಕೊಂಡಿ ಹಾಕಿ ಒಡಲಿಗೆ ಜೋಡಿಸ್ಯಾರ.

ಗಿರಾಕಿ: ನಮ್ಮ ತಂಗಿ ಇಂಥಾದ್ದನ್ನ ಸಾವಿರದ ಎಂಟನೂರಕ್ಕ ತಂದಾಳ್ರಿ.

ಅಂಗಡಿಯವರು: ತಂಗಿ ಭಾಳ ಶಾಣ್ಯಾಕಿ. ಸೀರಿ ಒಮ್ಮೆ ಒಗದ ಮ್ಯಾಲೆ ನನಗ ತೋರಿಸಾಕ ಹೇಳ್ರಿ.

ಗಿರಾಕಿ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಇದಕ್ಕೆಷ್ಟು?

ಅಂಗಡಿಯವರು: ನಿಮಗೇನ್ ರೇಟ್ ಹೇಳ್ಲಿ ಅಕ್ಕಾರ, ಮನಿ ಮಂದಿ ಇದ್ದಂಗ. ಎರಡ ಸಾವಿರದ ಎಂಟನೂರು.

ಗಿರಾಕಿ: ಹಂಗಾದ್ರ ನನ್ನ ಹೊರಗಿನಾಕಿ ಅಂತ ತಿಳೀರಿ.

ಅಂಗಡಿಯವರು: ಹೊರಗಿನವರಿಗೆ ಮೂರ ಸಾವಿರ.

ಗಿರಾಕಿ: ಎರಡ ಸಾವಿರಕ್ಕ ಕೊಡ್ರಿ.

ಅಂಗಡಿಯವರು: ತಮ್ಮಾ, ಅಕ್ಕಾರಿಗೆ ಚಾ ಹೇಳು. ಸಕ್ಕರಿ ಕಡಿಮಿ.

ಗಿರಾಕಿ: ಸಕ್ಕರಿ ಇರ್ಲಿ. ಎಂಟನೂರ ಕಡಿಮಿ ಮಾಡ್ರಿ.

ಅಂಗಡಿಯವರು: ಬೋಣಿಗಿ ಹೊತ್ತು. ಎರಡ ಸಾವಿರದ ಆರನೂರ ಕೊಡ್ರಿ.

ಗಿರಾಕಿ: ಹನ್ನೆರಡ ಹೊಡದೈತಿ, ಇನ್ನೂ ಬೋಣಿಗಿ ಏನ್ರಿ? ಈಗರ ಒಬ್ಬಾಕಿ ಎರಡ ಸೀರಿ ಹಿಡಕೊಂಡ ಹೋದ್ಲಲ್ಲ.

ಅಂಗಡಿಯವರು: ಅದು ಉದ್ರಿ ಅಕ್ಕಾರ. ಉದ್ರಿ ಬೋಣಿಗಿ ಅಲ್ಲ.

ಗಿರಾಕಿ: (ಬೋರ್ಡು ನೋಡಿ) ಹಂಗಾದ್ರ ನಾ ನಾಳೆ ಬರ್ತೀನ್ರಿ.

ಅಂಗಡಿಯವರು: ನಾಳೆನೂ ಬೋರ್ಡ್ ಇರತೈತ್ರಿ.

ಗಿರಾಕಿ: ನೋಡೂಣ್ರಿ. ಮನ್ಯಾಗ ಕೇಳಿ ಬರ್ತೀನಿ. (ಪರ್ಸ್ ಹಿಡಿದು ಎದ್ದು, ಮೆಲ್ಲಗೆ ಹೊರಡುತ್ತಾರೆ. ಚೀಲ ಗಾದಿಯ ಮೇಲೇ ಇದೆ.)

ಹುಡುಗ: ಸಾವ್ಕಾರ, ಅಕ್ಕಾರು ಚೀಲ ಬಿಟ್ಟ ಹೋದ್ರು! ಕೂಗ್ಲೇನ್ರಿ?

ಅಂಗಡಿಯವರು: ಬ್ಯಾಡ. ಸೀರಿ ಮಡಚು. ಚಾ ಮೂರ ಹೇಳು.

(ಐದು ನಿಮಿಷ ಆಗುತ್ತದೆ. ಚಾ ಬರುತ್ತದೆ. ಗಿರಾಕಿಯೂ ಬರುತ್ತಾರೆ.)

ಗಿರಾಕಿ: ಚೀಲ ಮರ್ತಿದ್ದೆ ನೋಡ್ರಿ. ಬಂದೀನಿ ಅಂದ ಮ್ಯಾಲೆ... ಎರಡ ಸಾವಿರದ ಮುನ್ನೂರು. ಮನ್ಯಾಗೂ ಕೇಳಿದೆ. ಖಣ ಪುಕ್ಕಟೆ ಕೊಡ್ತಾರೇನ ಕೇಳು ಅಂದ್ರು.

ಅಂಗಡಿಯವರು: ಇಷ್ಟರಾಗ ಮನಿಗೆ ಹೋಗಿ ಬಂದ್ರಿ?

ಗಿರಾಕಿ: ಮನಿ ಇಲ್ಲೇ ಸಮೀಪ ಐತ್ರಿ.

ಅಂಗಡಿಯವರು: ನಿಮ್ಮ ಮನಿ ಹುನಗುಂದದಾಗ ಅಲ್ಲೇನ್ರಿ?

ಗಿರಾಕಿ: (ಚಾ ಊದಿ) ಚಾ ಚಲೋ ಐತ್ರಿ.

ಅಂಗಡಿಯವರು: ನಾನೂರ ಕೊಡ್ರಿ. ಖಣ ಹಾಕೀನಿ. (ಚೀಲ ಕೊಡುತ್ತಾರೆ. ಸೀರೆ ಆಗಲೇ ಒಳಗಿದೆ.)

(ಗಿರಾಕಿ ಪರ್ಸಿನಿಂದ ಮಡಚಿಟ್ಟ ನೋಟು ತೆಗೆದು ಎಣಿಸದೆ ಕೊಡುತ್ತಾರೆ. ಅಂಗಡಿಯವರು ಎಣಿಸುತ್ತಾರೆ. ಸರಿಯಾಗಿ 2,400.)

ಪ್ರಶ್ನೆಗಳು: ಮಾತಿನ ಹಿಂದಿನ ಮಾತು

1. 'ಸುಮ್ನ ನೋಡಾಕ ಬಂದೀನಿ' ಎಂದು ಗಿರಾಕಿ ಹೇಳುತ್ತಾರೆ. ಅಂಗಡಿಯವರು ಅದನ್ನು ನಂಬಿದರೇ? ಹುಡುಗನಿಗೆ ಹೇಳಿದ ಮಾತಿನಲ್ಲಿ ಉತ್ತರ ಇದೆ. ಅಲ್ಲಿ 'ಸುಮ್ನ' ಎಂಬ ಪದವನ್ನು ಯಾವ ದನಿಯಲ್ಲಿ ಓದಬೇಕು? ಓದಿ ತೋರಿಸಿ.

2. ಗಿರಾಕಿಗೆ ಸೀರೆ ನಿಜವಾಗಿ ನೆನಪಿರಲಿಲ್ಲವೇ? ಅವರೇ ಆಡಿದ ಮಾತಿನಿಂದ ಮೂರು ಸುಳಿವು ಹುಡುಕಿ.

3. 'ಸೀರಿ ಒಮ್ಮೆ ಒಗದ ಮ್ಯಾಲೆ ನನಗ ತೋರಿಸಾಕ ಹೇಳ್ರಿ.' ಇದರ ಒಳ ಅರ್ಥ ಯಾವುದು?
ಅ) ತಂಗಿಯ ಸೀರೆ ನೋಡುವ ಆಸೆ ಇದೆ.
ಆ) ಅಂಗಡಿಯಲ್ಲಿ ಸೀರೆ ಒಗೆದು ಕೊಡುತ್ತಾರೆ.
ಇ) ಆ ಸೀರೆಯ ಬಣ್ಣ ನೀರಿಗೆ ನಿಲ್ಲುವುದಿಲ್ಲ.
ಹಾಗಾದರೆ 'ಶಾಣ್ಯಾಕಿ' ಎಂದದ್ದು ಹೊಗಳಿಕೆಯೇ? (ಈ ಕಡೆ ಶಾಣ್ಯಾ ಅಂದರೆ ಜಾಣ. ಆದರೆ ಯಾರಾದರೂ ನಿಮಗೆ 'ಭಾಳ ಶಾಣ್ಯಾ ಅದೀರಿ' ಅಂದರೆ ಖುಷಿ ಪಡುವ ಮೊದಲು ಅವರ ಮುಖ ನೋಡಿ.)

4. ಗಿರಾಕಿ ಎರಡು ಸಾವಿರ ಎಂದ ಕೂಡಲೇ ಅಂಗಡಿಯವರು ಚಾ ಹೇಳಿದರು. ಅದು 'ಹೂಂ'ಗೆ ಬದಲೋ, 'ಇಲ್ಲ'ಕ್ಕೆ ಬದಲೋ? ನಿಮ್ಮೂರಿನ ಅಂಗಡಿಯವರು ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೆ?

5. ಗೋಡೆಯ ಬೋರ್ಡಿನ ಪ್ರಕಾರ ಉದ್ರಿ ಯಾವತ್ತು ಸಿಗುತ್ತದೆ? ಹಾಗಾದರೆ ಎರಡು ಸೀರೆ ಒಯ್ದ ಆ ಹೆಂಗಸಿನ ಬಗ್ಗೆ ಏನು ಊಹೆ ಮಾಡಬಹುದು? ಇದಕ್ಕೆ ಒಂದೇ ಉತ್ತರ ಇಲ್ಲ. ಜಗಳ ಆಡಬಹುದು.

6. 'ನೋಡೂಣ್ರಿ', 'ಮನ್ಯಾಗ ಕೇಳಿ ಬರ್ತೀನಿ'. ಕೊಳ್ಳಲು ಮನಸ್ಸಿಲ್ಲದವರೂ ಹೀಗೇ ಹೇಳುತ್ತಾರೆ. ಇಲ್ಲಿ ಹಾಗಲ್ಲ ಎಂದು ನಿಮಗೆ ಯಾವುದರಿಂದ ಗೊತ್ತಾಯಿತು? ಆವರಣದ ಒಳಗಿನ ಸಾಲು ಮತ್ತೊಮ್ಮೆ ಓದಿ. ಚೀಲ ಮರೆತವರು ಪರ್ಸ್ ಯಾಕೆ ಮರೆಯಲಿಲ್ಲ?

7. ಹುಡುಗ ಅಂಗಡಿಗೆ ಹೊಸಬನೋ, ಹಳಬನೋ?

8. 'ಚಾ ಚಲೋ ಐತ್ರಿ' ಎಂಬುದು ಯಾವ ಪ್ರಶ್ನೆಗೆ ಬಂದ ಉತ್ತರ? ಅದೇ ಜಾಗದಲ್ಲಿ ಗಿರಾಕಿ ನೇರವಾಗಿ ಮಾತಾಡಿದ್ದರೆ ಏನು ಹೇಳಬೇಕಿತ್ತು? ಬರೆಯಿರಿ. ಆಮೇಲೆ ಎರಡನ್ನೂ ಓದಿ, ಯಾವುದರಿಂದ ಖಣ ಸಿಗುತ್ತಿತ್ತು ಹೇಳಿ.

9. ನೋಟು ಸರಿಯಾಗಿ 2,400 ಇತ್ತು. ಚೌಕಾಶಿ ಶುರು ಆದದ್ದು ಅಂಗಡಿಯಲ್ಲೋ, ಹುನಗುಂದದಲ್ಲೋ?

ಜೋಡಿ ಕೆಲಸ: ನಿಮ್ಮಲ್ಲಿ ಒಬ್ಬರು ಅಂಗಡಿಯವರು, ಒಬ್ಬರು ಗಿರಾಕಿ. ವಸ್ತು ಒಂದು ಕೊಡೆ. 'ಇಲ್ಲ', 'ಬ್ಯಾಡ', 'ಜಾಸ್ತಿ ಆತು' ಈ ಮೂರು ಮಾತು ಆಡದೆ ವ್ಯಾಪಾರ ಮುಗಿಸಿ. ನೋಡುವವರು ಕೊನೆಗೆ ಹೇಳಲಿ: ಕೊಡೆ ಮಾರಾಟ ಆಯಿತೋ, ಇಲ್ಲವೋ? ಹೋದ ತಂಡದಲ್ಲಿ ಒಬ್ಬರು ಕೊಡೆಯನ್ನೇ ಬೇಕಂತ ಮರೆತು ಹೋದರು. ಅದು ಅಂಗಡಿಯವರ ಕೊಡೆ.